ಇನ್ನೂರು ರೂಪಾಯಿಯ ದಾನಪತ್ರ ಮತ್ತು ಪರೇಲಿನ ಮನೆ

ಪರೇಲಿನಲ್ಲಿ ಗಿರಣಿಗಳ ಚಿಮಣಿಗಳು ಒಂದೊಂದಾಗಿ ಮರೆಯಾಗಿ ಅಲ್ಲಿ ಗೋಪುರದಂತಹ ಕಟ್ಟಡಗಳು ಎದ್ದ ಮೇಲೆ, ಹಿಂದೆ ತಲೆಗೊಂದು ಸೂರಷ್ಟೇ ಆಗಿದ್ದ ಸಣ್ಣ ಮನೆ ಇಂದು ಕುಟುಂಬದ ಅತ್ಯಂತ ದೊಡ್ಡ ಆಸ್ತಿಯಾಗಿದೆ. ನಾನೂರೈವತ್ತು ಚದರಡಿಯ ಒಂದು ಮನೆಗೆ ಕೋಟಿಯ ಲೆಕ್ಕದಲ್ಲಿ ಬೆಲೆ ಬಂದಿರುವಾಗ, ಅದನ್ನು ಕೊಂಡ ಪೀಳಿಗೆ ಎಪ್ಪತ್ತನ್ನು ದಾಟಿದೆ. ಊರಿನ ಆಸ್ತಿಯ ಪಾಲು ಮುಗಿಸಿಕೊಂಡು ಬಂದವರ ಮುಂದೆ ಈಗ ಮುಂಬಯಿಯ ಮನೆಯ ಪ್ರಶ್ನೆ ಎದ್ದುನಿಂತಿದೆ. ಮನೆಯನ್ನು ಮಕ್ಕಳಿಗೆ ಈಗಲೇ ದಾನಪತ್ರದ ಮೂಲಕ ಕೊಟ್ಟುಬಿಡಬೇಕೆ, ಅಥವಾ ತಮ್ಮ ಕಾಲಾನಂತರಕ್ಕೆಂದು ಉಯಿಲು ಬರೆದಿಡಬೇಕೆ?

ಈ ಪ್ರಶ್ನೆಗೆ ಸಮುದಾಯದ ಹಿರಿಯರ ಕೂಟಗಳಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ. "ಇನ್ನೂರು ರೂಪಾಯಿಯಲ್ಲಿ ಕೆಲಸ ಮುಗಿಯುತ್ತದೆ, ದಾನಪತ್ರ ಮಾಡಿಬಿಡಿ, ಉಯಿಲೆಂದರೆ ಹೈಕೋರ್ಟಿನ ಮೆಟ್ಟಿಲು" ಎಂಬುದೇ ಆ ಉತ್ತರ. ಹತ್ತು ವರ್ಷಗಳ ಹಿಂದೆ ಈ ಮಾತಿಗೆ ಒಂದಿಷ್ಟು ಆಧಾರವಿತ್ತು. ಇಂದು ಆ ಆಧಾರದ ಬಹುಭಾಗ ಕುಸಿದಿದೆ. ಆದರೂ ಮಾತು ಮಾತ್ರ ಹಾಗೆಯೇ ಉಳಿದಿದೆ. ತಾವು ವಾಸಿಸುತ್ತಿರುವ ಒಂದೇ ಮನೆಯನ್ನು ಜೀವಿತಕಾಲದಲ್ಲಿಯೇ ದಾನಪತ್ರದ ಮೂಲಕ ಕೈಬಿಡುವುದು ಬಹುತೇಕ ತಂದೆತಾಯಿಯರ ಪಾಲಿಗೆ ತಪ್ಪು ಹೆಜ್ಜೆ ಎಂಬುದನ್ನು ಒಂದು ಉದಾಹರಣೆಯ ಲೆಕ್ಕದೊಂದಿಗೆ ಪರಿಶೀಲಿಸುವುದು ಉಚಿತ.

ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ತಂದೆಗೆ ಎಪ್ಪತ್ತೆರಡು, ತಾಯಿಗೆ ಅರವತ್ತೆಂಟು. 1998ರಲ್ಲಿ ತಂದೆ ತಮ್ಮ ದುಡಿಮೆಯಿಂದ ಪರೇಲಿನ ಹೌಸಿಂಗ್ ಸೊಸೈಟಿಯೊಂದರಲ್ಲಿ 9 ಲಕ್ಷ ರೂಪಾಯಿಗೆ ಮನೆ ಕೊಂಡರು. ಸರ್ಕಾರಿ ದರಪಟ್ಟಿಯಂತೆ ಅದರ ಇಂದಿನ ಮೌಲ್ಯ ಒಂದೂವರೆ ಕೋಟಿ. ಮಗ ಸೊಸೆಯೊಡನೆ ಅದೇ ಮನೆಯಲ್ಲಿದ್ದಾನೆ. ಮಗಳನ್ನು ಬೆಳಗಾವಿಗೆ ಕೊಟ್ಟಿದ್ದಾರೆ. ಮಗನ ಹೆಸರಿಗೆ ದಾನಪತ್ರ ಮಾಡುವ ಮಾತು ಮನೆಯಲ್ಲಿ ನಡೆದಿದೆ.

ಇನ್ನೂರರ ಆಕರ್ಷಣೆ

ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಮುದ್ರಾಂಕ ಕಾಯಿದೆಗೆ ತಂದ ತಿದ್ದುಪಡಿಯಂತೆ, ವಾಸದ ಮನೆಯನ್ನಾಗಲಿ ಕೃಷಿಭೂಮಿಯನ್ನಾಗಲಿ ಪತಿ, ಪತ್ನಿ, ಮಗ, ಮಗಳು, ಮೊಮ್ಮಕ್ಕಳು ಅಥವಾ ಮೃತ ಮಗನ ಪತ್ನಿಗೆ ದಾನ ಮಾಡಿದರೆ ಮುದ್ರಾಂಕ ಶುಲ್ಕ ಕೇವಲ 200 ರೂಪಾಯಿ. ಕ್ರಯಪತ್ರದ ಶುಲ್ಕದೊಡನೆ ಹೋಲಿಸಿದರೆ ಇದು ಏನೂ ಅಲ್ಲ. ಆದರೆ ಮುಂಬಯಿಯಲ್ಲಿ ವೆಚ್ಚ ಅಲ್ಲಿಗೇ ನಿಲ್ಲುವುದಿಲ್ಲ. ಮಹಾನಗರಪಾಲಿಕೆಯ ಕಾಯಿದೆಯು ಕ್ರಯದಂತೆಯೇ ದಾನದ ಮೇಲೂ ಆಸ್ತಿಯ ಮೌಲ್ಯದ ಶೇ. 1ರಷ್ಟು ಅಧಿಭಾರವನ್ನು ವಿಧಿಸುತ್ತದೆ. ಜನರ ಬಾಯಲ್ಲಿ ಅದು ಮೆಟ್ರೊ ಸೆಸ್. ಒಂದೂವರೆ ಕೋಟಿಯ ಮನೆಗೆ ಅದು ಒಂದೂವರೆ ಲಕ್ಷ ರೂಪಾಯಿಯಾಗುತ್ತದೆ. ಆದುದರಿಂದ ಪತ್ರಕ್ಕೆ ಸಹಿ ಹಾಕುವ ಮುನ್ನ ಮುದ್ರಾಂಕ ಅಧಿಕಾರಿಯಿಂದ ಶುಲ್ಕನಿರ್ಣಯ ಮಾಡಿಸಿಕೊಳ್ಳುವುದು ಲೇಸು. ಸೊಸೆಯನ್ನೂ ಸೇರಿಸಿ ಜಂಟಿ ಹೆಸರಿಗೆ ಕೊಡುವ ಮನಸ್ಸಿದ್ದರೆ ಇನ್ನೊಂದು ಸೂಕ್ಷ್ಮವಿದೆ. ಮಗ ಬದುಕಿರುವಾಗ ಸೊಸೆಯು ಇನ್ನೂರು ರೂಪಾಯಿಯ ರಿಯಾಯಿತಿಯ ಪಟ್ಟಿಯಲ್ಲಿ ಬರುವುದಿಲ್ಲ.

ಉಯಿಲಿಗಾದರೋ ಮುದ್ರಾಂಕ ಶುಲ್ಕವೇ ಇಲ್ಲ. ನೋಂದಣಿಯೂ ಕಡ್ಡಾಯವಲ್ಲ. ಬಿಳಿಯ ಕಾಗದದ ಮೇಲೆ ಬರೆದು, ಇಬ್ಬರು ಸಾಕ್ಷಿಗಳ ಸಮಕ್ಷಮ ಸಹಿ ಮಾಡಿ, ಆ ಇಬ್ಬರೂ ಬರೆದವರ ಸಮ್ಮುಖದಲ್ಲಿ ಸಹಿ ಹಾಕಿದರೆ ಅದು ಸಿಂಧು. ಹೀಗಿರುವಾಗ ಖರ್ಚಿನ ದೃಷ್ಟಿಯಿಂದಲೂ ದಾನಪತ್ರ ಅಗ್ಗವೆಂಬ ಮಾತು ಅರ್ಧಸತ್ಯ. ಅದು ಕ್ರಯಪತ್ರಕ್ಕಿಂತ ಅಗ್ಗ, ಉಯಿಲಿಗಿಂತ ಅಲ್ಲ.

ತೆರಿಗೆ ಯಾವುದರ ಪಕ್ಷವನ್ನೂ ವಹಿಸುವುದಿಲ್ಲ

ಎರಡನೆಯ ವಾದ ತೆರಿಗೆಯದು. "ಈಗ ಕೊಟ್ಟರೆ ತೆರಿಗೆಯಿಲ್ಲ, ಮುಂದೆ ಸರ್ಕಾರ ಏನು ಮಾಡುವುದೋ" ಎಂಬ ಭಯ ಹಲವರಲ್ಲಿದೆ. ಭಾರತದಲ್ಲಿ ಮರಣಾನಂತರದ ಆಸ್ತಿಯ ಮೇಲಿದ್ದ ಎಸ್ಟೇಟ್ ಡ್ಯೂಟಿ 1985ರಲ್ಲಿ ರದ್ದಾಯಿತು. ದಾನದ ಮೇಲಿದ್ದ ಪ್ರತ್ಯೇಕ ತೆರಿಗೆ 1998ರಲ್ಲಿ ಮುಗಿಯಿತು. ಇಂದು ತಂದೆಯಿಂದ ಮಗನಿಗೋ ಮಗಳಿಗೋ ಮನೆ ದಾನವಾಗಿ ಬಂದರೂ, ಉಯಿಲಿನ ಮೂಲಕ ಬಂದರೂ, ಪಡೆದವರ ಕೈಯಲ್ಲಿ ಅದು ಆದಾಯವಲ್ಲ. ಕೊಟ್ಟವರ ಕೈಯಲ್ಲಿ ಅದು ಮಾರಾಟವೂ ಅಲ್ಲ. ಆ ಗಳಿಗೆಯಲ್ಲಿ ಎರಡು ದಾರಿಗಳಲ್ಲಿಯೂ ಆದಾಯ ತೆರಿಗೆ ಶೂನ್ಯ.

ತೆರಿಗೆ ಬರುವುದು ಮಕ್ಕಳು ಮುಂದೆ ಮನೆಯನ್ನು ಮಾರಿದಾಗ. ಅಲ್ಲಿಯೂ ಎರಡಕ್ಕೂ ಒಂದೇ ನಿಯಮ. ಮಕ್ಕಳು ಮನೆಗೆ ಹಣ ಕೊಟ್ಟಿಲ್ಲವಾದ್ದರಿಂದ ಅವರ ಕೊಳ್ಳುವ ಬೆಲೆ ಶೂನ್ಯವೆಂದು ಕಾನೂನು ಹೇಳುವುದಿಲ್ಲ. ತಂದೆ ಕೊಟ್ಟ ಬೆಲೆಯೇ ಮಕ್ಕಳ ಬೆಲೆಯೆಂದು ಎಣಿಸುತ್ತದೆ. ತಂದೆ ಮನೆಯನ್ನು ಇಟ್ಟುಕೊಂಡಿದ್ದ ವರ್ಷಗಳೂ ಮಕ್ಕಳ ಲೆಕ್ಕಕ್ಕೆ ಸೇರುತ್ತವೆ. ತಂದೆ 2001ರ ಏಪ್ರಿಲ್ 1ಕ್ಕಿಂತ ಮೊದಲೇ ಕೊಂಡಿದ್ದರೆ, ಆ ದಿನದ ಮಾರುಕಟ್ಟೆ ಬೆಲೆಯನ್ನು ಮೂಲಬೆಲೆಯಾಗಿ ಹಿಡಿಯುವ ಆಯ್ಕೆಯೂ ಉಂಟು. ಆದರೆ ಅದು ಆ ದಿನದ ಸರ್ಕಾರಿ ದರಪಟ್ಟಿಯ ಮೌಲ್ಯವನ್ನು ಮೀರುವಂತಿಲ್ಲ.

ನಮ್ಮ ಉದಾಹರಣೆಯಲ್ಲಿ 2001ರ ಬೆಲೆ 12 ಲಕ್ಷವೆಂದಿಟ್ಟುಕೊಳ್ಳೋಣ. ಮಗ ಮುಂದೊಂದು ದಿನ ಮನೆಯನ್ನು 1 ಕೋಟಿ 80 ಲಕ್ಷಕ್ಕೆ ಮಾರಿದರೆ ಲಾಭ 1 ಕೋಟಿ 68 ಲಕ್ಷ. 2024ರ ಜುಲೈ 23ರಿಂದ ಜಾರಿಯಲ್ಲಿರುವ ಶೇ. 12.5ರ ದರದಲ್ಲಿ ತೆರಿಗೆ 21 ಲಕ್ಷ ರೂಪಾಯಿ. ಅದರ ಮೇಲಿನ ಸೆಸ್ ಮತ್ತು ಅಧಿಭಾರ ಬೇರೆ. ಮನೆ ದಾನವಾಗಿ ಬಂದಿದ್ದರೂ ಉಯಿಲಿನಿಂದ ಬಂದಿದ್ದರೂ ಈ 21 ಲಕ್ಷದಲ್ಲಿ ಒಂದು ರೂಪಾಯಿಯ ವ್ಯತ್ಯಾಸವಿಲ್ಲ. ಅಮೆರಿಕದಲ್ಲಿ ನೆಲೆಸಿದ ಮಕ್ಕಳು ಕೆಲವೊಮ್ಮೆ ಬೇರೆ ಮಾತು ಹೇಳುವುದುಂಟು. ಅಲ್ಲಿನ ಕಾನೂನಿನಲ್ಲಿ ಮರಣಾನಂತರ ಬಂದ ಆಸ್ತಿಗೆ ಮರಣದ ದಿನದ ಬೆಲೆಯೇ ಮೂಲಬೆಲೆಯಾಗುತ್ತದೆ. ಜೀವಿತಕಾಲದ ದಾನಕ್ಕೆ ಆ ಅನುಕೂಲವಿಲ್ಲ. ಭಾರತದ ಕಾನೂನಿನಲ್ಲಿ ಅಂತಹ ಭೇದವೇ ಇಲ್ಲ.

ತೆರಿಗೆಯ ದೃಷ್ಟಿಯಿಂದ ದಾನ ಕೆಲವೊಮ್ಮೆ ನಷ್ಟವನ್ನೇ ತರಬಹುದು. ಸೊಸೆಯ ಹೆಸರಿಗೆ ದಾನ ಮಾಡಿ ಆ ಮನೆಯನ್ನು ಬಾಡಿಗೆಗೆ ಕೊಟ್ಟರೆ, ಬಾಡಿಗೆ ಸೊಸೆಯ ಕೈಸೇರಿದರೂ ತೆರಿಗೆಯ ಲೆಕ್ಕದಲ್ಲಿ ಅದು ದಾನಿಯ ಆದಾಯಕ್ಕೇ ಸೇರುತ್ತದೆ. ವಯಸ್ಕ ಮಗನಿಗೋ ಮಗಳಿಗೋ ಕೊಟ್ಟರೆ ಈ ತೊಡಕಿಲ್ಲ. ಒಟ್ಟಿನಲ್ಲಿ ತೆರಿಗೆಯನ್ನು ಉಳಿಸಲು ದಾನಪತ್ರ ಮಾಡುವವರು ಇಲ್ಲದ ತೆರಿಗೆಯನ್ನು ಉಳಿಸುತ್ತಿದ್ದಾರೆ.

ಪ್ರೊಬೇಟಿನ ಭಯ ಹೋಯಿತು

ಮೂರನೆಯ ವಾದವೇ ಮುಂಬಯಿಯಲ್ಲಿ ಬಹುಕಾಲ ದಾನಪತ್ರದ ಪರವಾಗಿ ನಿಂತಿದ್ದ ಗಟ್ಟಿ ವಾದ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 213ನೆಯ ಕಲಮು, ಮುಂಬಯಿ, ಮದರಾಸು ಮತ್ತು ಕಲಕತ್ತೆಗಳ ಹೈಕೋರ್ಟುಗಳ ಮೂಲ ಅಧಿಕಾರವ್ಯಾಪ್ತಿಯಲ್ಲಿ ಬರೆದ, ಅಥವಾ ಅಲ್ಲಿನ ಸ್ಥಿರಾಸ್ತಿಗೆ ಸಂಬಂಧಿಸಿದ ಉಯಿಲುಗಳಿಗೆ ನ್ಯಾಯಾಲಯದ ಪ್ರೊಬೇಟ್ ಇಲ್ಲದೆ ಹಕ್ಕು ಸ್ಥಾಪಿಸಲಾಗದು ಎಂದು ವಿಧಿಸಿತ್ತು. ಹಿಂದೂ, ಬೌದ್ಧ, ಸಿಖ್ಖರೊಂದಿಗೆ ಜೈನರನ್ನೂ ಆ ಕಾಯಿದೆ ಹೆಸರಿಸಿಯೇ ಇದರಡಿ ತಂದಿತ್ತು. ಬೆಳಗಾವಿಯ ಮನೆಯ ಬಗ್ಗೆ ಬೆಳಗಾವಿಯಲ್ಲಿಯೇ ಬರೆದ ಉಯಿಲಿಗೆ ಈ ಕಟ್ಟುಪಾಡು ಇರಲಿಲ್ಲ. ಅದೇ ವ್ಯಕ್ತಿ ಪರೇಲಿನ ಮನೆಯನ್ನು ಉಯಿಲಿನಲ್ಲಿ ಸೇರಿಸಿದೊಡನೆ ಹೈಕೋರ್ಟಿಗೆ ಹೋಗಲೇಬೇಕಾಗಿತ್ತು. ನ್ಯಾಯಾಲಯ ಶುಲ್ಕಕ್ಕೆ 75,000 ರೂಪಾಯಿಯ ಮಿತಿಯಿದ್ದರೂ, ವಕೀಲರ ವೆಚ್ಚ, ಉಳಿದ ವಾರಸುದಾರರಿಗೆ ನೋಟೀಸು, ಪತ್ರಿಕಾ ಪ್ರಕಟಣೆ, ತಿಂಗಳುಗಟ್ಟಲೆಯ ಕಾಯುವಿಕೆ ಕುಟುಂಬಗಳನ್ನು ಹೈರಾಣಾಗಿಸುತ್ತಿದ್ದವು.

2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ನಿರಸನ ಮತ್ತು ತಿದ್ದುಪಡಿ ಕಾಯಿದೆಯು ಈ 213ನೆಯ ಕಲಮನ್ನೇ ತೆಗೆದುಹಾಕಿತು. ಊರಿನ ಮೇಲೂ ಧರ್ಮದ ಮೇಲೂ ನಿಂತಿದ್ದ ವಸಾಹತುಕಾಲದ ಭೇದವೊಂದು ಹೀಗೆ ಅಳಿಯಿತು. ಹೆಚ್ಚು ಸದ್ದಿಲ್ಲದೆ ಬಂದ ಈ ತಿದ್ದುಪಡಿಯ ಅರಿವು ಸಮುದಾಯದ ಹಿರಿಯರಿಗೆ ಇನ್ನೂ ತಲುಪಬೇಕಾಗಿದೆ. ಪ್ರೊಬೇಟ್ ಎಂಬುದು ಇಲ್ಲವಾಗಿಲ್ಲ. ಬೇಕಾದವರು ಅದನ್ನು ಈಗಲೂ ಪಡೆಯಬಹುದು. ವಾರಸುದಾರರಲ್ಲಿ ಜಗಳವಿದ್ದರೆ ನ್ಯಾಯಾಲಯದ ತೀರ್ಮಾನ ಹೇಗೂ ಬೇಕಾಗುತ್ತದೆ. ಆದರೆ ಮಕ್ಕಳು ಒಮ್ಮತದಿಂದಿರುವ ಮನೆಗೆ ಅದು ಕಡ್ಡಾಯದ ಹೊರೆಯಲ್ಲ.

ಆದುದರಿಂದ ಉಯಿಲಿನ ನಿಜವಾದ ಅಪಾಯ ಬೇರೆಡೆಯಿದೆ. ಬರೆದವರು ಸಾಕ್ಷಿ ಹೇಳಲು ಬದುಕಿಲ್ಲದ ವೇಳೆಯಲ್ಲಿ ಅದು ಅವರ ಮನಃಪೂರ್ವಕ ಇಚ್ಛೆಯೆಂದು ಸಾಧಿಸಬೇಕು. ಈ ವಿಷಯದಲ್ಲಿ ದೇಶಕ್ಕೆಲ್ಲ ಮಾದರಿಯಾದ ತೀರ್ಪು ಬಂದದ್ದು ಹಳೆಯ ಮೈಸೂರಿನ ಒಂದು ಉಯಿಲಿನ ಮೊಕದ್ದಮೆಯಲ್ಲಿ. ಎಚ್. ವೆಂಕಟಾಚಲ ಅಯ್ಯಂಗಾರ್ ಮತ್ತು ಬಿ. ಎನ್. ತಿಮ್ಮಾಜಮ್ಮ ಅವರ ನಡುವಿನ ಆ ಪ್ರಕರಣವನ್ನು ಸುಪ್ರೀಂ ಕೋರ್ಟು 1958ರಲ್ಲಿ ತೀರ್ಮಾನಿಸಿತು. ಉಯಿಲನ್ನು ಮುಂದೊಡ್ಡಿದವರೇ ಅದನ್ನು ಬರೆಯಿಸುವುದರಲ್ಲಿ ಪ್ರಧಾನ ಪಾತ್ರ ವಹಿಸಿದ್ದರು. ಅವರ ಮಕ್ಕಳಿಗೆ ಅದರಲ್ಲಿ ದೊಡ್ಡ ಲಾಭವಿತ್ತು. ಇಂತಹ ಸಂಶಯಾಸ್ಪದ ಸನ್ನಿವೇಶವನ್ನು ನಿವಾರಿಸುವ ಹೊಣೆ ಉಯಿಲನ್ನು ಹಿಡಿದು ಬಂದವರದೇ ಎಂದು ನ್ಯಾಯಾಲಯ ಹೇಳಿತು, ಮತ್ತು ಆ ಉಯಿಲನ್ನು ಒಪ್ಪಲಿಲ್ಲ.

ಇದರಿಂದ ಕಲಿಯಬೇಕಾದದ್ದು ಸರಳ. ಮನೆ ಮಗನಿಗೆಂದಿದ್ದರೆ ಮಗ ವಕೀಲರನ್ನು ಕರೆತರಬಾರದು, ಮಗ ಸಾಕ್ಷಿಯಾಗಬಾರದು, ಸಹಿಯ ಹೊತ್ತಿನಲ್ಲಿ ಮಗ ಆ ಕೋಣೆಯಲ್ಲಿಯೂ ಇರದಿದ್ದರೆ ಒಳ್ಳೆಯದು. ಸಾಕ್ಷಿಗಳು ಬರೆದವರಿಗಿಂತ ಕಿರಿಯರಾಗಿರಲಿ. ಅವರಲ್ಲೊಬ್ಬರಾದರೂ ಮುಂದೆ ನ್ಯಾಯಾಲಯದಲ್ಲಿ ನುಡಿಯಬೇಕಾಗಬಹುದು. ಬರೆದವರ ಮನಸ್ಸು ಸ್ವಸ್ಥವಾಗಿದೆಯೆಂಬ ವೈದ್ಯರ ಪ್ರಮಾಣಪತ್ರ ಅದೇ ದಿನದ್ದಾಗಿರಲಿ. ಮಗಳಿಗೆ ಕಡಿಮೆ ಕೊಡುವುದಿದ್ದರೆ ಅದರ ಕಾರಣವನ್ನು ಉಯಿಲಿನಲ್ಲಿಯೇ ಒಂದೆರಡು ವಾಕ್ಯಗಳಲ್ಲಿ ಬರೆಯಲಿ. ಕಾರಣವಿಲ್ಲದ ಮೌನವೇ ಮುಂದೆ ಸಂಶಯಕ್ಕೆ ಎಡೆಗೊಡುತ್ತದೆ. ಉಪನೋಂದಣಾಧಿಕಾರಿಯ ಕಛೇರಿಯಲ್ಲಿ ನೋಂದಾಯಿಸಿದರೆ ಮೂಲಪ್ರತಿ ಕಳೆದುಹೋಗುವ ಭಯವೂ ಇಲ್ಲ.

ಕೊಟ್ಟ ಮೇಲೆ ಏನು ಉಳಿಯುತ್ತದೆ

ಈಗ ದಾನಪತ್ರದ ಕಡೆಗೆ ತಿರುಗೋಣ. ದಾನವೆಂದರೆ ಪ್ರತಿಫಲದ ಅಪೇಕ್ಷೆಯಿಲ್ಲದೆ ಕೊಡುವುದು ಎಂಬುದು ಧರ್ಮದ ಮಾತು. ವಿಚಿತ್ರವೆಂದರೆ ಸ್ವತ್ತು ವರ್ಗಾವಣೆ ಕಾಯಿದೆಯೂ ದಾನವನ್ನು ಅಷ್ಟೇ ಕಟ್ಟುನಿಟ್ಟಾಗಿ ಹಾಗೆಂದು ಓದುತ್ತದೆ. ಇಬ್ಬರು ಸಾಕ್ಷಿಗಳ ಸಹಿಯೊಡನೆ ಪತ್ರ ನೋಂದಣಿಯಾಗಿ, ದಾನಿಯ ಜೀವಿತಕಾಲದಲ್ಲಿ ಮಗ ಅದನ್ನು ಸ್ವೀಕರಿಸಿದರೆ, ಒಡೆತನ ಆ ದಿನವೇ ಮಗನದಾಯಿತು. ತಂದೆಗೆ ಮನಸ್ಸು ಬದಲಾಯಿತೆಂಬ ಕಾರಣಕ್ಕೆ ಅದು ಹಿಂದಕ್ಕೆ ಬರುವುದಿಲ್ಲ. "ಬೇಕೆನಿಸಿದಾಗ ರದ್ದು ಮಾಡುವೆ" ಎಂಬ ಷರತ್ತನ್ನು ಪತ್ರದಲ್ಲಿಯೇ ಬರೆದರೂ ಅದು ನಿಲ್ಲದು. ಕೇವಲ ದಾನಿಯ ಇಚ್ಛೆಯನ್ನು ಅವಲಂಬಿಸಿದ ರದ್ದತಿಯನ್ನು 126ನೆಯ ಕಲಮು ಒಪ್ಪುವುದಿಲ್ಲ. ಉಯಿಲನ್ನಾದರೋ ಬರೆದ ಮರುದಿನವೇ ಬದಲಾಯಿಸಬಹುದು. ಕೊನೆಯ ಉಯಿಲೇ ನಿಲ್ಲುತ್ತದೆ.

ಮಗ ಒಳ್ಳೆಯವನೇ ಎಂದಿಟ್ಟುಕೊಳ್ಳೋಣ. ಒಳ್ಳೆಯ ಮಗನ ಮನೆಯಲ್ಲಿಯೂ ವಿಧಿಯ ಆಟವಿದೆ. ದಾನಪತ್ರವಾದ ಎರಡು ವರ್ಷಕ್ಕೆ ಮಗ ಅಕಾಲದಲ್ಲಿ ತೀರಿಹೋದರೆ ಮನೆ ಯಾರದು? ಜೈನರಿಗೆ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ, ಉಯಿಲು ಬರೆಯದೆ ಸತ್ತ ಮಗನ ಆಸ್ತಿ ಅವನ ಪತ್ನಿ, ಮಕ್ಕಳು ಮತ್ತು ತಾಯಿಗೆ ಸಮಪಾಲಾಗಿ ಹೋಗುತ್ತದೆ. ಮೊದಲ ದರ್ಜೆಯ ವಾರಸುದಾರರಲ್ಲಿ ತಾಯಿ ಇದ್ದಾಳೆ, ತಂದೆ ಇಲ್ಲ. ಮನೆಯನ್ನು ದುಡಿದು ಕೊಂಡ, ಮಗನಿಗೆ ಕೊಟ್ಟ ತಂದೆಗೆ ಅದರಲ್ಲಿ ಒಂದು ಅಂಗುಲವೂ ಬರುವುದಿಲ್ಲ. ಮಗಳಿಗೆ ಕೊಟ್ಟಿದ್ದು ಆಕೆ ಮಕ್ಕಳಿಲ್ಲದೆ ತೀರಿಕೊಂಡರೆ ಮನೆ ಆಕೆಯ ಪತಿಗೆ ಸಲ್ಲುತ್ತದೆ. ತಂದೆತಾಯಿಯರಿಂದ ವಾರಸುದಾರಿಕೆಯಲ್ಲಿ ಬಂದ ಆಸ್ತಿ ಅಂತಹ ಸಂದರ್ಭದಲ್ಲಿ ತಂದೆಯ ಕಡೆಗೆ ಮರಳಬೇಕೆಂದು 15ನೆಯ ಕಲಮು ಹೇಳುತ್ತದೆ, ನಿಜ. ಆದರೆ ದಾನವಾಗಿ ಬಂದದ್ದು ವಾರಸುದಾರಿಕೆಯಲ್ಲ. ಉಯಿಲಿನ ದಾರಿಯಲ್ಲಿ ಇಂತಹ ದುರಂತ ಬಂದರೂ ಮನೆ ಇನ್ನೂ ತಂದೆಯ ಹೆಸರಿನಲ್ಲಿಯೇ ಇರುತ್ತದೆ; ಅವರು ಹೊಸ ಉಯಿಲು ಬರೆಯಬಹುದು.

ಇನ್ನು ಮಗ ಒಳ್ಳೆಯವನಲ್ಲದಿದ್ದರೆ? ಹಿರಿಯ ನಾಗರಿಕರ ಪಾಲನೆ ಮತ್ತು ಕಲ್ಯಾಣದ 2007ರ ಕಾಯಿದೆ ಇದೆಯಲ್ಲ ಎಂದು ಅನೇಕರು ನೆಮ್ಮದಿ ಪಡುತ್ತಾರೆ. ಅದರ 23ನೆಯ ಕಲಮಿನಂತೆ, ದಾನ ಪಡೆದವನು ದಾನಿಗೆ ಮೂಲ ಸೌಕರ್ಯ ಮತ್ತು ಆರೈಕೆ ಒದಗಿಸಬೇಕೆಂಬ ಷರತ್ತಿನೊಡನೆ ಆಸ್ತಿ ಕೊಟ್ಟಿದ್ದು, ಪಡೆದವನು ಅದನ್ನು ನಿರಾಕರಿಸಿದರೆ, ಆ ವರ್ಗಾವಣೆಯನ್ನು ನ್ಯಾಯಮಂಡಳಿ ಅನೂರ್ಜಿತಗೊಳಿಸಬಹುದು. ಇಡೀ ರಕ್ಷಣೆ ನಿಂತಿರುವುದು ಆ "ಷರತ್ತಿನೊಡನೆ" ಎಂಬ ಪದದ ಮೇಲೆ. 2022ರ ಡಿಸೆಂಬರಿನಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹೆತ್ತವರು ಮಕ್ಕಳಿಗೆ ಆಸ್ತಿ ಕೊಡುವುದು ಬಹುಪಾಲು ಪ್ರೀತಿಯಿಂದ, ಪ್ರತಿಯಾಗಿ ಏನನ್ನೂ ಬಯಸದೆ. ಆದುದರಿಂದ ಅಂತಹ ಷರತ್ತು ಇತ್ತೆಂಬುದನ್ನು ಸ್ಥಾಪಿಸಲೇಬೇಕು ಎಂದಿತು. 2025ರ ಜನವರಿ 2ರಂದು ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಕಾಯಿದೆಯನ್ನು ಉದಾರವಾಗಿ ಓದಿ ತಾಯಿಯ ದಾನಪತ್ರವನ್ನು ರದ್ದುಗೊಳಿಸಿತು. ಆದರೆ ಅಲ್ಲಿ ತಾಯಿಯ ಕೈಯಲ್ಲಿ ಒಂದು ಆಧಾರವಿತ್ತು: ತಾಯಿಯನ್ನು ನೋಡಿಕೊಳ್ಳುವೆನೆಂಬ ಮಗನ ಲಿಖಿತ ವಚನಪತ್ರ.

ಪರೇಲಿನ ಬೀದಿಯಲ್ಲಿ ಟೈಪು ಮಾಡಿಸುವ ಸಿದ್ಧ ದಾನಪತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ವಾಕ್ಯ ಯಾವುದು? "ಸ್ವಾಭಾವಿಕ ಪ್ರೀತಿ ವಾತ್ಸಲ್ಯಗಳಿಂದ, ಯಾವುದೇ ಷರತ್ತಿಲ್ಲದೆ" ಎಂಬುದೇ. ಕೇಳಲು ಹಿತವಾದ ಈ ಒಂದು ವಾಕ್ಯ ಹೆತ್ತವರ ರಕ್ಷಣೆಯನ್ನು ಅವರ ಕೈಯಿಂದಲೇ ಅಳಿಸಿಹಾಕುತ್ತದೆ.

ಕೊಡಲೇಬೇಕಾದಾಗ

ದಾನಪತ್ರ ಎಂದೂ ಬೇಡವೆಂದಲ್ಲ. ತಂದೆತಾಯಿಗೆ ವಾಸಕ್ಕೆ ಬೇರೆ ಮನೆಯಿದ್ದು ಪರೇಲಿನದು ಎರಡನೆಯ ಮನೆಯಾಗಿದ್ದರೆ, ಈಗಲೇ ಕೊಟ್ಟು ಬಾಡಿಗೆಯ ಆದಾಯ ಮಗಳಿಗೆ ಸಲ್ಲುವಂತೆ ಮಾಡುವುದರಲ್ಲಿ ತಪ್ಪಿಲ್ಲ. ತಮ್ಮ ಕಾಲಾನಂತರ ಒಬ್ಬ ಮಗ ಉಯಿಲನ್ನು ಪ್ರಶ್ನಿಸುವುದು ಖಚಿತವೆಂದು ಕಂಡರೆ, ತಾವೇ ಬದುಕಿದ್ದು ಸಾಕ್ಷಿಯಾಗಬಲ್ಲ ದಾನಪತ್ರ ಹೆಚ್ಚು ಭದ್ರ. ಆದರೆ ಆಗಲೂ ಬರೆಯುವ ಬಗೆಯಲ್ಲಿ ಎಚ್ಚರ ಬೇಕು.

ಮೊದಲನೆಯದಾಗಿ, ಒಡೆತನವನ್ನು ಕೊಟ್ಟು ವಾಸದ ಹಕ್ಕನ್ನು ಉಳಿಸಿಕೊಳ್ಳಬಹುದು. ತಂದೆತಾಯಿ ಇಬ್ಬರಿಗೂ, ಒಬ್ಬರು ತೀರಿದ ಮೇಲೆ ಉಳಿದವರಿಗೂ, ಜೀವನಪರ್ಯಂತ ಮನೆಯನ್ನು ಅನುಭವಿಸುವ ಹಕ್ಕನ್ನು ಕಾದಿರಿಸಿ ದಾನಪತ್ರ ಬರೆದರೆ ಅದು ಸಿಂಧು. ಸ್ವಾಧೀನವನ್ನು ಆಗಲೇ ಬಿಟ್ಟುಕೊಡಬೇಕಿಲ್ಲ. 2014ರಲ್ಲಿ ರೇಣಿಕುಂಟ್ಲ ರಾಜಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ. "ನಾವಿರುವವರೆಗೆ ಮಾರಬಾರದು" ಎಂದಷ್ಟೇ ಬರೆಯುವ ರೂಢಿಗಿಂತ ಇದು ಬಹಳ ಮೇಲು. ಪರಭಾರೆಯನ್ನು ಸಂಪೂರ್ಣವಾಗಿ ತಡೆಯುವ ಷರತ್ತನ್ನು ಕಾನೂನು ಮಾನ್ಯ ಮಾಡುವುದಿಲ್ಲ. ಕಾದಿರಿಸಿಕೊಂಡ ಅನುಭೋಗದ ಹಕ್ಕನ್ನಾದರೋ ಮನೆ ಯಾರ ಕೈಗೆ ಹೋದರೂ ಗೌರವಿಸಲೇಬೇಕಾಗುತ್ತದೆ.

ಎರಡನೆಯದಾಗಿ, ಆಹಾರ, ವಸತಿ, ಔಷಧೋಪಚಾರ ಮತ್ತು ದೈನಂದಿನ ಆರೈಕೆಯನ್ನು ಒದಗಿಸುವುದು ಈ ದಾನದ ಷರತ್ತೆಂದೂ, ಅದು ತಪ್ಪಿದರೆ 2007ರ ಕಾಯಿದೆಯ 23ನೆಯ ಕಲಮಿನಂತೆ ದಾನ ರದ್ದಾಗತಕ್ಕದ್ದೆಂದೂ ಪತ್ರದೊಳಗೇ ಬರೆಯಬೇಕು. ಈ ಕಾಯಿದೆಯ ರಕ್ಷಣೆ ಅರವತ್ತು ತುಂಬಿದ ಹಿರಿಯರಿಗೆ ಎಂಬುದನ್ನೂ ನೆನಪಿಡಬೇಕು. ಮಗ ಷರತ್ತನ್ನು ಓದಿ ಸ್ವೀಕರಿಸಿದ್ದಾನೆಂಬುದಕ್ಕೆ ಅದೇ ಪತ್ರದಲ್ಲಿ ಅವನ ಸಹಿಯಿರಬೇಕು. ಈ ಸಹಿ ಹಾಕಲು ಹಿಂಜರಿಯುವ ಮಗನಿಗೆ ಮನೆ ಕೊಡಬೇಕೇ ಎಂಬ ಪ್ರಶ್ನೆಗೆ ಆ ಹಿಂಜರಿಕೆಯೇ ಉತ್ತರ.

ಚಾಳಿನ ಖೋಲಿಯ ಮಾತು ಬೇರೆ

ಇಷ್ಟು ಹೊತ್ತು ಹೇಳಿದ್ದೆಲ್ಲ ಸೊಸೈಟಿಯ ಒಡೆತನದ ಮನೆಗೆ. ಪರೇಲ್, ಲಾಲ್‌ಬಾಗ್‌ಗಳ ಹಳೆಯ ಚಾಳುಗಳಲ್ಲಿ ಪಗಡಿ ಕೊಟ್ಟು ಹಿಡಿದ ಖೋಲಿಗಳಲ್ಲಿ ಇನ್ನೂ ಅನೇಕ ಕುಟುಂಬಗಳಿವೆ. ಲಕ್ಷಗಟ್ಟಲೆ ಪಗಡಿ ಕೊಟ್ಟಿದ್ದರೂ ಅವರು ಕಾನೂನಿನ ಕಣ್ಣಿನಲ್ಲಿ ಬಾಡಿಗೆದಾರರು, ಒಡೆಯರಲ್ಲ. ತಮ್ಮದಲ್ಲದ್ದನ್ನು ದಾನ ಮಾಡಲಾಗದು. ಉಯಿಲಿನಲ್ಲಿ ಬರೆದರೂ ಫಲವಿಲ್ಲ. ಮುಂಬಯಿಯ ಬಾಡಿಗೆ ಕಾಯಿದೆಯಡಿಯ ಬಾಡಿಗೆ ಹಕ್ಕನ್ನು ಉಯಿಲಿನ ಮೂಲಕ ಕೊಡಲಾಗದೆಂದು 1994ರಲ್ಲಿ ವಸಂತ ಪ್ರತಾಪ ಪಂಡಿತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಬಾಡಿಗೆದಾರ ತೀರಿದಾಗ ಅವರೊಡನೆ ಅದೇ ಖೋಲಿಯಲ್ಲಿ ವಾಸವಾಗಿದ್ದ ಕುಟುಂಬದ ಸದಸ್ಯರಿಗೆ ಹಕ್ಕು ಹೋಗುತ್ತದೆ. ಖೋಲಿ ಮಗಳಿಗೆ ಸಿಗಬೇಕೆಂದು ತಂದೆ ಎಷ್ಟೇ ಬರೆದಿಟ್ಟರೂ, ಮಗಳು ಬೆಳಗಾವಿಯಲ್ಲಿದ್ದು ಮಗ ಅಲ್ಲಿಯೇ ಇದ್ದರೆ ಆ ಬರಹ ಕಾಗದವಾಗಿಯೇ ಉಳಿಯುತ್ತದೆ.

ಈ ಕುಟುಂಬಗಳಿಗೆ ಕಾಲನಿರ್ಣಯವೇ ಮುಖ್ಯ. ಚಾಳು ಪುನರ್ನಿರ್ಮಾಣಕ್ಕೆ ಹೋಗಿ, ಕಾಯಂ ಬದಲಿ ಮನೆಯ ಒಪ್ಪಂದ ನೋಂದಣಿಯಾಗಿ, ಒಡೆತನದ ಮನೆ ಕೈಗೆ ಬಂದ ಮೇಲೆಯೇ ದಾನ ಅಥವಾ ಉಯಿಲಿನ ಪ್ರಶ್ನೆ ಏಳುತ್ತದೆ. ಆ ಒಪ್ಪಂದದಲ್ಲಿ ಯಾರ ಯಾರ ಹೆಸರು ಸೇರುತ್ತದೆ ಎಂಬುದೇ ಮುಂದಿನ ಒಡೆತನದ ಬುನಾದಿಯಾಗುತ್ತದೆ. ಬಿಲ್ಡರನ ಕಛೇರಿಯಲ್ಲಿ ಆತುರದಿಂದ ಸಹಿ ಮಾಡುವ ಮುನ್ನ, ತಾಯಿಯ ಹೆಸರು ಅದರಲ್ಲಿದೆಯೇ ಎಂದು ಮನೆಯವರು ಓದಿ ನೋಡಬೇಕು.

ನಾಮಿನಿ ಒಡೆಯನಲ್ಲ

ಕೊನೆಯದಾಗಿ ಒಂದು ಭ್ರಮೆಯ ಬಗ್ಗೆ. ಸೊಸೈಟಿಯಲ್ಲಿ ಮಗನನ್ನು ನಾಮಿನಿ ಮಾಡಿದ್ದೇವೆ, ಉಯಿಲು ಏಕೆ ಬೇಕು ಎಂದು ಕೇಳುವವರುಂಟು. ಮಹಾರಾಷ್ಟ್ರದ ಸಹಕಾರ ಸಂಘಗಳ ಕಾಯಿದೆಗೆ 2019ರಲ್ಲಿ ಸೇರಿದ 154ಬಿ-13ನೆಯ ಕಲಮಿನಂತೆ ನಾಮಿನಿಯನ್ನು ಸೊಸೈಟಿ ತಾತ್ಕಾಲಿಕ ಸದಸ್ಯನನ್ನಾಗಿ ಮಾತ್ರ ಸೇರಿಸಿಕೊಳ್ಳುತ್ತದೆ. ಒಡೆತನ ಉಯಿಲಿನಂತೆ, ಉಯಿಲಿಲ್ಲದಿದ್ದರೆ ವಾರಸುದಾರಿಕೆಯ ನಿಯಮದಂತೆ ನಿರ್ಣಯವಾಗಬೇಕು. ನಮ್ಮ ಉದಾಹರಣೆಯ ತಂದೆ ಏನನ್ನೂ ಬರೆಯದೆ ತೀರಿದರೆ ಮನೆ ಪತ್ನಿ, ಮಗ, ಮಗಳು ಮೂವರಿಗೂ ಮೂರನೆಯ ಒಂದರಂತೆ ಸಲ್ಲುತ್ತದೆ. ನಾಮಿನಿಯೆಂಬ ಕಾರಣಕ್ಕೆ ಮಗನಿಗೆ ಹೆಚ್ಚು ಬರುವುದಿಲ್ಲ.

ಹಾಗಾದರೆ ಆ ತಂದೆ ಮಾಡಬೇಕಾದದ್ದೇನು? ಮನೆಯನ್ನು ತಮ್ಮ ಹೆಸರಿನಲ್ಲಿಯೇ ಉಳಿಸಿಕೊಂಡು ಉಯಿಲು ಬರೆಯುವುದು. ತಾವು ಮೊದಲು ತೀರಿದರೆ ಪತ್ನಿಗೆ ಜೀವನಪರ್ಯಂತ ವಾಸದ ಹಕ್ಕು, ಆಕೆಯ ಬಳಿಕ ಮಗ ಮಗಳಿಗೆ ಇಂತಿಷ್ಟು ಪಾಲು ಎಂದು ಅದರಲ್ಲಿ ನಿರ್ದಿಷ್ಟವಾಗಿ ನಮೂದಿಸುವುದು. ಮಗ ಅದೇ ಮನೆಯಲ್ಲಿ ಮುಂದುವರಿಯಬೇಕೆಂದಿದ್ದರೆ, ಮಗಳ ಪಾಲಿನ ಬೆಲೆಯನ್ನು ಇಂತಿಷ್ಟು ಅವಧಿಯೊಳಗೆ ಅವಳಿಗೆ ಕೊಟ್ಟು ಪೂರ್ಣ ಒಡೆತನ ಪಡೆಯಲು ಅವನಿಗೆ ಅವಕಾಶ ಕಲ್ಪಿಸುವುದು. ಮಗಳ ಮದುವೆಯಲ್ಲಿ ಕೊಟ್ಟ ಚಿನ್ನವೇ ಅವಳ ಪಾಲೆಂದು ಊಹಿಸಿ ಸುಮ್ಮನಿರುವ ಹಳೆಯ ರೂಢಿಗೆ ಕಾನೂನಿನಲ್ಲಿ ಆಧಾರವಿಲ್ಲ; ನ್ಯಾಯದಲ್ಲಿಯೂ ಇಲ್ಲ.

ಕುಟುಂಬಗಳು ಎಚ್ಚರಗೊಂಡರೆ ಸಾಲದು, ಸರ್ಕಾರಕ್ಕೂ ಇಲ್ಲಿ ಹೊಣೆಯಿದೆ. ಇನ್ನೂರು ರೂಪಾಯಿಯ ರಿಯಾಯಿತಿಯನ್ನು ಕೊಟ್ಟು ಹಿರಿಯರನ್ನು ಹಿಂದಿರುಗಿಸಲಾಗದ ಪತ್ರದತ್ತ ಸೆಳೆದ ಸರ್ಕಾರವೇ, ಅದೇ ಪತ್ರದಲ್ಲಿ ಅವರ ರಕ್ಷಣೆಯ ವಾಕ್ಯವಿದೆಯೇ ಎಂದು ನೋಡುವ ವ್ಯವಸ್ಥೆ ಮಾಡಬೇಕು. ಅರವತ್ತು ದಾಟಿದವರು ವಾಸದ ಮನೆಯನ್ನು ದಾನ ಮಾಡುವಾಗ, ಪಾಲನೆಯ ಷರತ್ತು ಮತ್ತು ಜೀವನಪರ್ಯಂತ ವಾಸದ ಹಕ್ಕು ಪತ್ರದಲ್ಲಿ ತಾನಾಗಿಯೇ ಇರಬೇಕು. ಬೇಡವೆಂದಾದರೆ ದಾನಿಯೇ ಮಕ್ಕಳಿಲ್ಲದ ಕೋಣೆಯಲ್ಲಿ ಉಪನೋಂದಣಾಧಿಕಾರಿಯ ಮುಂದೆ ಅದನ್ನು ಹೊಡೆದುಹಾಕಬೇಕು. ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ; ನೋಂದಣಿ ಇಲಾಖೆಯ ಮಾದರಿ ಪತ್ರದಲ್ಲಿ ಎರಡು ಪರಿಚ್ಛೇದಗಳು ಸೇರಿದರೆ ಸಾಕು. ಅಲ್ಲಿಯವರೆಗೆ ಆ ಎರಡು ಪರಿಚ್ಛೇದಗಳನ್ನು ಹೆತ್ತವರೇ ಕೇಳಿ ಬರೆಯಿಸಿಕೊಳ್ಳಬೇಕಾಗಿದೆ.